ಹಳೆಯ ಮ್ಯಾನೇಜರ್ ಬಿಟ್ಟು ಹೋದಾಗ ಗ್ರಾಹಕರಿಗೆ ಪತ್ರ ಬರೆಯುವುದು ಹೇಗೆ?

ಅಕೌಂಟ್ ಮ್ಯಾನೇಜರ್ ಕೆಲಸ ಬಿಟ್ಟಾಗ ಬಹಳ ಕಂಪನಿಗಳು ಎರಡು ಸಾಲಿನ ಮೇಲ್ ಕಳಿಸಿ ಸುಮ್ಮನಾಗುತ್ತವೆ. ಹೊಸಬರ ಹೆಸರು, ಫೋನ್ ನಂಬರ್, ಅಷ್ಟೇ. ಗ್ರಾಹಕರಿಗೆ ಬೇಕಾಗಿರುವುದು ಅದಲ್ಲ. ‘ನನಗೆ ಕೊಟ್ಟ ಮಾತು ಉಳಿಯುತ್ತದಾ?’ ಅನ್ನುವುದೇ ಅವರ ಚಿಂತೆ.

ಮೊದಲು ದೊಡ್ಡ ಗ್ರಾಹಕರಿಗೆ ಫೋನ್ ಮಾಡಿ, ಅದೇ ದಿನ ಪತ್ರ ಕಳಿಸಿ. ಹಳಬರ ಕೊನೆಯ ದಿನಕ್ಕೆ ಮುಂಚೆಯೇ ಕಳಿಸಿದರೆ ಒಳ್ಳೆಯದು. ಸಹಿ ಹೊಸಬರದ್ದಲ್ಲ, ಅವರ ಮೇಲಿನವರದ್ದು ಇರಲಿ. ಯಾಕೆ ಬಿಟ್ಟರು ಅನ್ನುವುದನ್ನು ಬರೆಯಬೇಡಿ.

ಕಷ್ಟವಿರುವುದು ಬಾಕಿ ವಿಷಯಗಳ ಪ್ಯಾರಾದಲ್ಲಿ. ಪೀಣ್ಯದ ಒಂದು ರಟ್ಟಿನ ಬಾಕ್ಸ್ ಕಂಪನಿ, ಅದರಿಂದ ಬಾಕ್ಸ್ ಕೊಳ್ಳುವ ಒಂದು ಬೇಕರಿ ಅಂದುಕೊಳ್ಳಿ. ಹಳೆಯ ಮ್ಯಾನೇಜರ್ ಬಾಯಿ ಮಾತಿನಲ್ಲಿ ಏನೇನು ಒಪ್ಪಿದ್ದರೋ ಅದು ಯಾವ ಫೈಲಿನಲ್ಲೂ ಇರುವುದಿಲ್ಲ. ಆದರೆ ಲೆಡ್ಜರ್ ನೋಡಿದರೆ ಸುಳಿವು ಸಿಗುತ್ತದೆ. ಬಿಲ್ಲಿನಲ್ಲಿ 30 ದಿನ ಎಂದಿದೆ, ದುಡ್ಡು ಮಾತ್ರ ಪ್ರತಿ ಸಲ 45ನೇ ದಿನಕ್ಕೆ ಬರುತ್ತಿದೆ, ಯಾರೂ ಕೇಳಿಲ್ಲ. ಅಂದರೆ ಅಲ್ಲೊಂದು ಮಾತಾಗಿರಬಹುದು. ಬಿಲ್ಲಿನಲ್ಲಿ ಸ್ವಲ್ಪ ಹಿಡಿದುಕೊಂಡು ಪಾವತಿಸಿದ್ದರೆ ಕ್ರೆಡಿಟ್ ನೋಟ್ ಬಾಕಿ ಇದೆಯಾ ನೋಡಿ. ಈ ಪಟ್ಟಿ ಹಿಡಿದು ಹಳೆಯ ಮ್ಯಾನೇಜರ್ ಜೊತೆ ಕೂತು ಒಂದೊಂದನ್ನೂ ಕೇಳಿ. ಅಕೌಂಟ್ಸ್‌ನವರು ಒಪ್ಪಿದ ಮೇಲೆ ಹೀಗೆ ಬರೆಯಿರಿ:

“ಆಗಸ್ಟ್ 12ರ ಲೋಡಿನಲ್ಲಿ ಒದ್ದೆಯಾಗಿ ಬಂದ 200 ಬಾಕ್ಸ್‌ಗಳ ಕ್ರೆಡಿಟ್ ನೋಟ್ ಇದೇ 25ರೊಳಗೆ ನಿಮಗೆ ತಲುಪುತ್ತದೆ. ಪಾವತಿಗೆ ಎಂದಿನಂತೆ 45 ದಿನ. ದೀಪಾವಳಿವರೆಗೆ ಹಳೆಯ ದರವೇ. ಇದಲ್ಲದೆ ಬೇರೆ ಮಾತೇನಾದರೂ ಆಗಿದ್ದರೆ ದಯವಿಟ್ಟು ತಿಳಿಸಿ.”

ಕೊನೆಯ ವಾಕ್ಯ ಬಿಡಲೇಬೇಡಿ. ನಿಮಗೆ ಸಿಗದ ಮಾತು ಹೊರಬರುವುದು ಅಲ್ಲಿಂದಲೇ. ಕಂಪನಿ ಒಪ್ಪದ ಮಾತೊಂದಿದ್ದರೆ ಅದನ್ನು ಪತ್ರದಲ್ಲಿ ಹಾಕದೆ ಫೋನಿನಲ್ಲೇ ಮಾತಾಡಿ ಮುಗಿಸಿ.

ನಂತರ ಹೊಸಬರ ಪರಿಚಯ, ಎರಡು ವಾಕ್ಯ ಸಾಕು. ಓದು, ಪ್ರಶಸ್ತಿ ಬೇಡ. ‘ಮೂರು ವರ್ಷದಿಂದ ನಮ್ಮಲ್ಲಿ ಡಿಸ್ಪ್ಯಾಚ್ ನೋಡಿಕೊಂಡಿದ್ದರು’ ಎಂಬಂಥ ಮಾತೇ ಗ್ರಾಹಕರಿಗೆ ಧೈರ್ಯ ಕೊಡುತ್ತದೆ.

‘ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ’ ಎಂದೂ ಸೇರಿಸಿ. ಹೊಸ ಮ್ಯಾನೇಜರ್ ಹೆಸರಿನಲ್ಲಿ ಸುಳ್ಳು ಖಾತೆ ನಂಬರ್ ಕಳಿಸುವ ವಂಚಕರಿಗೆ ಇದೇ ಹೊತ್ತು ಅನುಕೂಲ.

ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ನಮೂನೆಗಳನ್ನು ನಾನಂತೂ ಬಳಸಬೇಡಿ ಎನ್ನುತ್ತೇನೆ. ಅವುಗಳಲ್ಲಿ ಹೊಗಳಿಕೆ ಜಾಸ್ತಿ, ಬಾಕಿ ಪ್ಯಾರಾಕ್ಕೆ ಜಾಗವೇ ಇರುವುದಿಲ್ಲ. ಎಲ್ಲರಿಗೂ ಒಂದೇ ಮೇಲ್ ಕಳಿಸುವ ಶಾರ್ಟ್‌ಕಟ್ಟೂ ಬೇಡ. ಎಲ್ಲ ವಿಳಾಸ ಒಟ್ಟಿಗೆ ಹಾಕಿದರೆ ನಿಮ್ಮ ಗ್ರಾಹಕರ ಪಟ್ಟಿ ಎಲ್ಲರ ಕೈಗೂ ಸಿಗುತ್ತದೆ, ಅಲ್ವಾ?

ಹಳಬರ ಮೇಲ್ ವಿಳಾಸ ಕೂಡಲೇ ಮುಚ್ಚಬೇಡಿ. ಕೆಲವು ತಿಂಗಳಾದರೂ ಅಲ್ಲಿಗೆ ಬಂದದ್ದು ಹೊಸಬರಿಗೆ ಹೋಗುವಂತೆ ಮಾಡಿ. ಪತ್ರ ತಲುಪಿದ ಎರಡು ಮೂರು ದಿನಕ್ಕೆ ಹೊಸಬರೇ ಫೋನ್ ಮಾಡಿ, ಆರ್ಡರ್ ಕೇಳುವ ಮೊದಲು ಬಾಕಿ ಪಟ್ಟಿ ಸರಿಯಿದೆಯಾ ಎಂದು ಕೇಳಲಿ.