ಮರುಮದುವೆ ನೋಂದಣಿಗೆ ಮೊದಲು ಡಿಕ್ರಿಯಲ್ಲಿ ಹೆಸರು ನೋಡಿಕೊಳ್ಳಿ

ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಆದವರಿಗೆ ಒಂದು ಮಾತು. ಇಬ್ಬರೂ ಸಹಿ ಹಾಕಿದ ಅರ್ಜಿ, ರಾಜಿ ಪತ್ರ ಕೈಯಲ್ಲಿದ್ದರೆ ವಿಚ್ಛೇದನ ಆಯ್ತು ಅಂತಲ್ಲ. ಅವು ಒಪ್ಪಿಗೆಗೆ ಸಾಕ್ಷಿ ಅಷ್ಟೇ. ಮದುವೆ ಮುಗಿಯುವುದು ಕೋರ್ಟಿನ ಡಿಕ್ರಿಯಿಂದ.

ನನ್ನ ತಂಗಿ ಮರುಮದುವೆ ನೋಂದಣಿಗೆ ಹೋದಾಗ ರಾಜಿ ಪತ್ರ ಮತ್ತು ಡಿಕ್ರಿಯ ಜೆರಾಕ್ಸ್ ಒಯ್ದಿದ್ದಳು. ಕೋರ್ಟಿನ ಮೊಹರು ಇರುವ ಸರ್ಟಿಫೈಡ್ ಕಾಪಿ ತನ್ನಿ ಅಂದರು. ಅದಕ್ಕೆ ಕೇಸ್ ನಂಬರ್ ಕೊಟ್ಟು, ಡಿಕ್ರಿ ಆದ ಕೋರ್ಟಿನಲ್ಲೇ ಅರ್ಜಿ ಹಾಕಬೇಕು. ಎರಡು ಮೂರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ. ತೀರ್ಪು, ಡಿಕ್ರಿ ಎರಡರದ್ದೂ ಕೇಳಿ.

ಪ್ರತಿ ಬಂದ ಮೇಲೆ ನೋಡಿದರೆ ಇನ್ನೊಂದು ತೊಂದರೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಡಿಕ್ರಿಯಲ್ಲಿ ಬರೀ ಇನಿಷಿಯಲ್, ಅದೂ ತಪ್ಪು ಅಕ್ಷರ! ವಿದೇಶಕ್ಕೆ ಹೋಗುವವರ ವೀಸಾ ಕಡತದಲ್ಲಿ ಇದು ಬೇರೆ ವ್ಯಕ್ತಿಯ ಹಾಗೆ ಕಾಣುತ್ತೆ ಅಲ್ವಾ? ಇಂಥ ಬರಹದ ತಪ್ಪನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಸೆಕ್ಷನ್ ಅಡಿ ಅದೇ ಕೋರ್ಟಿನಲ್ಲಿ ತಿದ್ದಿಸಬಹುದು. ಹೊಸ ಕೇಸ್ ಬೇಡ. ವಕೀಲರ ಮೂಲಕ ಒಂದು ಅರ್ಜಿ ಸಾಕು, ಜೊತೆಗೆ ಪಾಸ್‌ಪೋರ್ಟ್ ಪ್ರತಿ ಇಡಿ.

ತಿದ್ದಿಸಿದ ಮೇಲೆಯೇ ಅಪೋಸ್ಟಿಲ್, ಅಂದರೆ ದಾಖಲೆಯನ್ನು ವಿದೇಶದಲ್ಲಿ ಒಪ್ಪಲು ಬೇಕಾದ ದೃಢೀಕರಣ, ಮಾಡಿಸಿ. ಮೊದಲು ರಾಜ್ಯದ ಮಟ್ಟದಲ್ಲಿ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ್ದು. ತಪ್ಪಿರುವ ಪ್ರತಿಗೇ ಮಾಡಿಸಿದರೆ ಎಲ್ಲ ಮತ್ತೆ ಮೊದಲಿಂದ.