ದಿನದ ಆರ್ಡರ್ ಬೇಡವೆಂದರೆ ಮಸಾಲೆ ಪುಡಿಯಿಂದ ಶುರು ಮಾಡಿ

ಅಡುಗೆ ಚೆನ್ನಾಗಿ ಬರುತ್ತದೆ. ತಿಂದವರೆಲ್ಲ ‘ನೀವು ಮಾಡಿ ಮಾರಬಾರದಾ?’ ಎಂದು ಕೇಳುತ್ತಾರೆ. ಆದರೆ ಬೆಳಗ್ಗೆ ಎದ್ದ ಕೂಡಲೇ ಫೋನ್ ನೋಡಿ, ಇವತ್ತು ಎಷ್ಟು ಊಟ, ಎಷ್ಟು ಹೊತ್ತಿಗೆ ಎಂದು ಓಡುವುದು ಇಷ್ಟವಿಲ್ಲ. ಅಂಥವರಿಗೆ ಅಡುಗೆ ತರಗತಿ, ಅಡುಗೆ ವಿಡಿಯೊ, ಪ್ಯಾಕ್ ಮಾಡಿದ ಮಸಾಲೆ ಪುಡಿ ಎಂಬ ಮೂರು ದಾರಿಗಳಿವೆ. ನನ್ನ ಪ್ರಕಾರ ಪುಡಿಯೇ ಮೊದಲಾಗಬೇಕು. ಊಟ ಅದೇ ಹೊತ್ತಿಗೆ ಖರ್ಚಾಗಬೇಕು, ಪುಡಿಗೆ ಆ ಅವಸರವಿಲ್ಲ. ಒಂದು ದಿನ ಮಾಡಿದ್ದನ್ನು ತಿಂಗಳಿಡೀ ಮಾರಬಹುದು. ಅದಕ್ಕಾಗಿ ಬರೆದಿಟ್ಟ ಅಳತೆಯೇ ಮುಂದೆ ತರಗತಿಗೂ ವಿಡಿಯೊಗೂ ಬೇಕಾಗುತ್ತದೆ.

ಕೈಯಳತೆಯನ್ನು ಗ್ರಾಮಿಗೆ ತನ್ನಿ

ಪಳಗಿದ ಕೈ ಅಳೆಯುವುದಿಲ್ಲ, ಹಾಕುತ್ತಾ ಹೋಗುತ್ತದೆ. ಅದನ್ನು ಬದಲಿಸಬೇಡಿ. ಎಂದಿನಂತೆ ಹಿಡಿಯಲ್ಲೇ ತೆಗೆದುಕೊಳ್ಳಿ, ಬಾಣಲೆಗೆ ಹಾಕುವ ಮೊದಲು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ, ಅಷ್ಟೆ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಪ್ರತಿ ಸಲವೂ ಬೇರೆ ಬೇರೆ ಅಂಕಿ ಬರುತ್ತದೆ. ಅವುಗಳಲ್ಲಿ ಯಾವ ಸಲದ ಪುಡಿ ಮನೆಯವರಿಗೆಲ್ಲ ಹಿಡಿಸಿತೋ ಅದೇ ನಿಮ್ಮ ಅಳತೆ. ಮೆಣಸಿನಕಾಯಿಯನ್ನು ತೊಟ್ಟು ಬಿಡಿಸಿದ ಮೇಲೆಯೇ ತೂಗಿ.

ಉದಾಹರಣೆಗೆ 3 ಕಿಲೊ ಸಾಮಾನಿನ ಒಂದು ಪುಡಿ ನೋಡೋಣ. ಧನಿಯಾ 1500 ಗ್ರಾಂ, ಒಣಮೆಣಸಿನಕಾಯಿ 750, ಜೀರಿಗೆ 300, ಕಾಳುಮೆಣಸು 240, ಅರಿಸಿನ ಪುಡಿ 120, ಮೆಂತ್ಯ 90. ಇದರಲ್ಲಿ ಕೊಬ್ಬರಿ, ಎಳ್ಳು, ಬೆಳ್ಳುಳ್ಳಿ, ಸೊಪ್ಪು ಇಲ್ಲ ಎಂಬುದನ್ನು ಗಮನಿಸಿ. ಎಣ್ಣೆ ಜಾಸ್ತಿ ಇರುವ ಸಾಮಾನು ಬೇಗ ಕಮಟು ಹಿಡಿಯುತ್ತದೆ. ಸರಿಯಾಗಿ ಒಣಗದ ಸೊಪ್ಪು ಇಡೀ ಪುಡಿಗೆ ತೇವ ಕೊಡುತ್ತದೆ. ಮೊದಲ ಪ್ಯಾಕೆಟ್‌ಗೆ ಇವು ಯಾವುವೂ ಬೇಡ.

ಹುರಿದದ್ದು ಸಾಕೇ ಎಂದು ತೂಕ ಹೇಳುತ್ತದೆ

ಮನೆ ಮಟ್ಟದಿಂದ 3 ಕಿಲೊಗೆ ಹೋದಾಗ ಮೊದಲು ಕೆಡುವುದು ಹುರಿಯುವ ಹಂತ. ಒಂದೂವರೆ ಕಿಲೊ ಧನಿಯಾವನ್ನು ಒಟ್ಟಿಗೆ ಸುರಿದರೆ ತಳದ್ದು ಸೀದು ಹೋಗುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ದಪ್ಪ ತಳದ ಬಾಣಲೆಯಲ್ಲಿ 300 ಗ್ರಾಮಿನಂತೆ ಐದು ಸಲ ಹುರಿಯಿರಿ. ಪ್ರತಿ ಸಾಮಾನನ್ನೂ ಬೇರೆಯಾಗಿಯೇ ಹುರಿಯಬೇಕು. ಜೀರಿಗೆ ಬೇಗ ಕಪ್ಪಾಗುತ್ತದೆ, ಮೆಂತ್ಯ ಸ್ವಲ್ಪ ಮೀರಿದರೂ ಕಹಿ, ಮೆಣಸಿನಕಾಯಿಗೆ ಸಣ್ಣ ಉರಿ ಸಾಕು. ಅರಿಸಿನ ಪುಡಿಯನ್ನು ಹುರಿಯುವುದೇ ಬೇಡ, ಕೊನೆಗೆ ಬೆರೆಸಿ.

ಐದನೇ ಬಾಣಲೆಯ ಹೊತ್ತಿಗೆ ಮನೆಯೆಲ್ಲ ಘಮ ತುಂಬಿ, ಮೂಗು ಸೋತಿರುತ್ತದೆ. ಆಗ ತಕ್ಕಡಿ ನೆರವಿಗೆ ಬರುತ್ತದೆ. ಹುರಿಯುವಾಗ ಕಾಳಿನ ನೀರಿನಂಶ ಹೋಗಿ ತೂಕ ಇಳಿಯುತ್ತದೆ. ನಿಮಗೆ ಸರಿ ಅನ್ನಿಸಿದ ಮೊದಲ ಬಾಣಲೆಯ 300 ಗ್ರಾಂ ಧನಿಯಾ 280ಕ್ಕೆ ಇಳಿದಿತ್ತು ಎಂದುಕೊಳ್ಳಿ. ಉಳಿದ ನಾಲ್ಕನ್ನೂ 280ರ ಆಸುಪಾಸಿಗೆ ತನ್ನಿ. 290 ಇದ್ದರೆ ಇನ್ನೂ ಸ್ವಲ್ಪ ಹುರಿಯಬೇಕು, 270ಕ್ಕೆ ಇಳಿದಿದ್ದರೆ ಅದನ್ನು ರುಚಿ ನೋಡದೆ ಬೆರೆಸಬೇಡಿ. ಹೊಸ ಚೀಲ ತೆರೆದಾಗ ಕಾಳಿನ ತೇವ ಬೇರೆ ಇರುತ್ತದೆ. ಹಾಗಾಗಿ ಪ್ರತಿ ಚೀಲದ ಮೊದಲ ಬಾಣಲೆಯನ್ನು ಮೂಗು, ನಾಲಿಗೆ ನಂಬಿ ಮಾಡಿ, ಆಮೇಲಿನದಕ್ಕೆ ತೂಕ ಹಿಡಿಯಿರಿ.

ಹುರಿದದ್ದನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಪೂರ್ತಿ ತಣ್ಣಗಾಗಲು ಬಿಡಿ. ಹಸಿ ಸಾಮಾನು ಮುಟ್ಟಿದ ತಟ್ಟೆ, ಚಮಚ ಇದಕ್ಕೆ ತಾಗಬಾರದು, ಏಕೆಂದರೆ ಸಾಲ್ಮೊನೆಲ್ಲಾದಂಥ ಸೂಕ್ಷ್ಮಾಣುಗಳು ಒಣ ಮಸಾಲೆಯಲ್ಲೂ ತುಂಬ ದಿನ ಬದುಕುತ್ತವೆ. ಮಿಕ್ಸಿ ಜಾರನ್ನು ಆ ದಿನ ತೊಳೆಯಬೇಡಿ, ಹಿಂದಿನ ದಿನವೇ ತೊಳೆದು ಒಣಗಿಸಿಡಿ. ಪುಡಿ ಮಾಡುವಾಗ ಸ್ವಲ್ಪ ಸ್ವಲ್ಪ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಜಾರು ಬಿಸಿಯಾದಷ್ಟೂ ಘಮ ಅಲ್ಲೇ ಹಾರಿಹೋಗುತ್ತದೆ. ಪುಡಿಯೂ ಆರಬೇಕು. ಬೆಚ್ಚಗಿರುವಾಗಲೇ ಸೀಲ್ ಮಾಡಿದರೆ ಒಳಗೆ ಆವಿ ನೀರಾಗಿ ಪುಡಿ ಗಂಟು ಕಟ್ಟುತ್ತದೆ, ಆಮೇಲೆ ಬೂಷ್ಟು ಬರುತ್ತದೆ.

ಪ್ಯಾಕೆಟ್, ದಿನಾಂಕ, ಲೆಕ್ಕ

ತೆಳು ಪ್ಲಾಸ್ಟಿಕ್ ಚೀಲದಿಂದ ಘಮ ಹೊರಗೆ ಹೋಗುತ್ತದೆ. ಒಳಗೆ ಅಲ್ಯೂಮಿನಿಯಂ ಪದರ ಇರುವ ಪೌಚ್ ತೆಗೆದುಕೊಳ್ಳಿ. ಸೀಲ್ ಮಾಡಿದ ಒಂದನ್ನು ನೀರಿನಲ್ಲಿ ಮುಳುಗಿಸಿ ಒತ್ತಿ ನೋಡಿ. ಗುಳ್ಳೆ ಎದ್ದರೆ ಸೀಲ್ ಸರಿಯಿಲ್ಲ.

ಎಷ್ಟು ದಿನ ಇರುತ್ತದೆ ಎಂದು ಸುಮ್ನೆ ಊಹಿಸಿ ಬರೆಯಬಾರದು. ಒಂದು ಪ್ಯಾಕೆಟ್ ಫ್ರೀಜರ್‌ನಲ್ಲಿಡಿ, ಇನ್ನೊಂದು ಪ್ಯಾಕೆಟ್‌ನಷ್ಟು ಪುಡಿಯನ್ನು ಸಣ್ಣ ಸಣ್ಣ ಪೌಚ್‌ಗಳಲ್ಲಿ ಸೀಲ್ ಮಾಡಿ ಅಡುಗೆಮನೆಯ ಬಿಸಿಗೇ ಬಿಡಿ. ತಿಂಗಳಿಗೊಂದು ತೆರೆದು, ಫ್ರೀಜರ್‌ನ ಪುಡಿಯ ಜೊತೆ ಒಂದೇ ಅಡುಗೆ ಮಾಡಿ ಹೋಲಿಸಿ. ಐದನೇ ತಿಂಗಳಿಗೆ ವ್ಯತ್ಯಾಸ ಗೊತ್ತಾದರೆ ಲೇಬಲ್ ಮೇಲೆ ಮೂರು ತಿಂಗಳು ಎಂದೇ ಬರೆಯಿರಿ. ಕೊಂಡವರು ಅದನ್ನು ಒಲೆಯ ಪಕ್ಕದಲ್ಲೇ ಇಡುತ್ತಾರೆ, ಅಲ್ವಾ? ಸಾಮಾನುಗಳ ಹೆಸರನ್ನು ತೂಕದ ಇಳಿಕೆಯ ಕ್ರಮದಲ್ಲಿ ಹಾಕಿ, ಬ್ಯಾಚ್ ಸಂಖ್ಯೆ ಕೊಡಿ. ಅದೇ ಮಿಕ್ಸಿಯಲ್ಲಿ ಸಾಸಿವೆ, ಎಳ್ಳು, ಕಡಲೆಕಾಯಿ ಪುಡಿ ಮಾಡುತ್ತಿದ್ದರೆ ಅದನ್ನೂ ಹೇಳಲೇಬೇಕು. ಅವು ಒಗ್ಗದವರಿಗೆ ಇದು ಜೀವದ ಪ್ರಶ್ನೆ. ಮಾರುವ ಮೊದಲು ನೀವಿರುವ ಕಡೆಯ ಆಹಾರ ಪರವಾನಗಿ ಪಡೆಯಿರಿ.

ಈಗ ಲೆಕ್ಕ. 3 ಕಿಲೊ ಸಾಮಾನು ಹುರಿದು, ಪುಡಿ ಮಾಡಿ, ಜರಡಿ ಹಿಡಿದ ಮೇಲೆ 2700 ಗ್ರಾಂ ಉಳಿಯಿತು ಎಂದಿಟ್ಟುಕೊಳ್ಳಿ. 100 ಗ್ರಾಮಿನ 27 ಪ್ಯಾಕೆಟ್ ಆಯಿತು. ಪರೀಕ್ಷೆಗೆ 2 ತೆಗೆದಿಟ್ಟರೆ ಮಾರಲು 25. ಸಾಮಾನು, ಪೌಚ್, ಲೇಬಲ್, ಗ್ಯಾಸ್, ನಿಮ್ಮ ಅಷ್ಟು ಗಂಟೆಗಳ ಕೂಲಿ ಎಲ್ಲವನ್ನೂ ಕೂಡಿಸಿ 25ರಿಂದ ಭಾಗಿಸಿ, 30ರಿಂದಲ್ಲ. ಹಲವರು ನಷ್ಟ ಮಾಡಿಕೊಳ್ಳುವುದು ಈ ಭಾಗಾಕಾರದಲ್ಲೇ.

ವಿಡಿಯೊ, ತರಗತಿ

ವಿಡಿಯೊದಿಂದ ನೇರ ಹಣ ಬೇಗ ಬರುವುದಿಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ನೋಡಿರಬೇಕು, ಇಲ್ಲವೇ ಕಿರು ವಿಡಿಯೊಗಳಿಗೆ 90 ದಿನಗಳಲ್ಲಿ 1 ಕೋಟಿ ವೀಕ್ಷಣೆ ಬಂದಿರಬೇಕು. ಅದರ ಹಿಂದೆ ಬಿದ್ದರೆ ವಾರಕ್ಕಿಷ್ಟು ಹಾಕಲೇಬೇಕೆಂಬ ಇನ್ನೊಂದು ಆರ್ಡರ್ ಹೆಗಲೇರುತ್ತದೆ. ಪುಡಿಯನ್ನು ಬಳಸುವ ಬಗೆ ತೋರಿಸಲು ನಾಲ್ಕು ನಿಮಿಷದ ಒಂದೆರಡು ವಿಡಿಯೊ ಸಾಕು. ಪ್ಯಾಕೆಟ್ ಮೇಲೆ ಅದರ ಕ್ಯೂಆರ್ ಕೋಡ್ ಹಾಕಿ. ಬಾಣಲೆಯ ಸದ್ದಿನ ಮೇಲೆ ಸಂಗೀತ ಹಾಕಬೇಡಿ, ಕಲಿಯುವವರಿಗೆ ಆ ಸದ್ದೇ ಗುರುತು.

ತರಗತಿ ತಿಂಗಳಿಗೊಂದು, ಆರು ಜನಕ್ಕೆ, ಹಣ ಮೊದಲೇ. ಅದರಲ್ಲಿ ಹುರಿಯುವುದನ್ನೇ ಕಲಿಸಿ. ಹಸಿ ಉಳಿದ, ಸರಿಯಾದ, ಸೀದ ಮೂರು ಬಗೆಯ ಜೀರಿಗೆಯನ್ನು ಬಟ್ಟಲಲ್ಲಿಟ್ಟು ಎಲ್ಲರೂ ಮೂಸಿ, ಅಗಿದು ನೋಡಲಿ. ಇದನ್ನು ವಿಡಿಯೊ ತೋರಿಸಲಾರದು, ಜನ ದುಡ್ಡು ಕೊಟ್ಟು ಬರುವುದೂ ಇದಕ್ಕೇ.

ಇಪ್ಪತ್ತೈದೂ ಖಾಲಿಯಾದ ಮೇಲೆ ಯಾರಾದರೂ ‘ನಾಳೆಗೇ ಎರಡು ಬೇಕಿತ್ತು’ ಎಂದು ಕೇಳುತ್ತಾರೆ. ಅವರಿಗಾಗಿ ಬಾಣಲೆ ಒಲೆಗೇರಿಸಬೇಡಿ. ಮುಂದಿನ ಬ್ಯಾಚ್‌ನ ದಿನಾಂಕ ಹೇಳಿ, ಹೆಸರು ಬರೆದುಕೊಂಡು, ಮುಂಗಡ ತೆಗೆದುಕೊಳ್ಳಿ.