ಸೊನ್ನೆ ನಗೆಟ್ ನಂಬಿ ಬೇಸ್ತು ಬಿದ್ದೆ

ಚಿತ್ರದುರ್ಗ ಕಡೆಯ ಒಂದು ಕಿರು ಜಲಾನಯನ. ಸುಮಾರು 530 ಹೆಕ್ಟೇರ್. ಮೇಲ್ಭಾಗದಲ್ಲಿ ಕೆಂಪು ಮಣ್ಣು, ಹಳ್ಳದ ಕಡೆ ಎರೆ. 320 ಮೀಟರ್ ಗ್ರಿಡ್ ಹಾಕಿ 52 ಕಡೆ ಮಣ್ಣು ತೆಗೆದಿದ್ದೆವು. ಲಭ್ಯ ರಂಜಕದ ನಕ್ಷೆ ಮಾಡಿಕೊಡುವುದು ನನ್ನ ಕೆಲಸ.

ಮೊದಲು ವೇರಿಯೋಗ್ರಾಂ, ಅಂದರೆ ಎರಡು ಜಾಗಗಳ ದೂರ ಹೆಚ್ಚಿದಂತೆ ಬೆಲೆಗಳ ವ್ಯತ್ಯಾಸ ಹೇಗೆ ಬದಲಾಗುತ್ತದೆ ಅಂತ ತೋರಿಸುವ ಚಿತ್ರ, ನೋಡಿದಾಗ ತಲೆಬುಡ ಅರ್ಥವಾಗಲಿಲ್ಲ. ಹತ್ತಿರದ ಜೋಡಿಗಳಲ್ಲೇ ವ್ಯತ್ಯಾಸ ಜಾಸ್ತಿ, ದೂರ ಹೋದಂತೆ ಕಡಿಮೆ! ಜೋಡಿಗಳನ್ನು ಒಂದೊಂದಾಗಿ ನೋಡೋಣ ಅಂತ `cloud = TRUE` ಹಾಕಿದೆ. ಮೇಲೆ ತೇಲುತ್ತಿದ್ದ ಚುಕ್ಕಿಗಳೆಲ್ಲ ಒಂದೇ ಸ್ಯಾಂಪಲ್ಲಿನವು. ಅದರಲ್ಲಿ ಹೆಕ್ಟೇರಿಗೆ 168 ಕಿಲೋ ರಂಜಕ, ಸುತ್ತಲಿನವು 28ರ ಆಸುಪಾಸು. ಫೀಲ್ಡ್ ಪುಸ್ತಕ ತೆಗೆದರೆ ‘ಕೊಟ್ಟಿಗೆ ಹಿಂದೆ’ ಅಂತ ನನ್ನದೇ ಕೈಬರಹ. ಹಳೆಯ ತಿಪ್ಪೆ ಜಾಗ ಅದು.

ಒಂದು ಸ್ಯಾಂಪಲ್ ಇಷ್ಟು ಹಾಳು ಮಾಡುತ್ತಾ ಅಂತ ಕೂತು ಲೆಕ್ಕ ಹಾಕಿದೆ. ವ್ಯತ್ಯಾಸ 140, ಅದರ ವರ್ಗದ ಅರ್ಧ 9800. 320 ಮೀಟರ್ ದೂರದಲ್ಲಿ ಒಟ್ಟು 86 ಜೋಡಿ, ಅದರಲ್ಲಿ ನಾಲ್ಕು ಈ ತಿಪ್ಪೆಯವು. ಆ ನಾಲ್ಕೇ ಸರಾಸರಿಗೆ 456 ಸೇರಿಸಿದ್ದವು. ಉಳಿದ 82 ಜೋಡಿ ಎಲ್ಲ ಸೇರಿ ಕೊಟ್ಟದ್ದು 172. ಆ ಸ್ಯಾಂಪಲ್ಲನ್ನು ವೇರಿಯೋಗ್ರಾಂನಿಂದ ತೆಗೆದೆ. ಉಳಿದ ಬೆಲೆಗಳು ಒಂದು ಕಡೆಗೆ ಎಳೆದಂತೆ ಇದ್ದುದರಿಂದ ಲಾಗ್ ತೆಗೆದುಕೊಂಡೆ. ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ.

ಆಮೇಲೆ ಆರ್‌ನ gstat ಪ್ಯಾಕೇಜಿನಲ್ಲಿ ಹೀಗೆ ಫಿಟ್ ಮಾಡಿದೆ:

```r
b  <- c(60, 150, 400, 550, 800, 1100)
v  <- variogram(log(p2o5) ~ 1, d, boundaries = b)
m1 <- fit.variogram(v, vgm(0.20, "Sph", 500))
```

ದೂರದ ಗುಂಪುಗಳನ್ನು ನಾನೇ ಕೊಟ್ಟಿದ್ದಕ್ಕೆ ಕಾರಣ ಇದೆ. ಚೌಕದ ಗ್ರಿಡ್‌ನಲ್ಲಿ ಸಿಗುವ ದೂರಗಳೇ ಕೆಲವು: 320, 453, 640, 716, ಹೀಗೆ. ಸುಮ್ನೆ 160 ಮೀಟರ್ ಅಗಲ ಅಂತ ಕೊಟ್ಟರೆ 320ರ ಹತ್ತಿರವೇ ಗಡಿ ಬಿದ್ದು, ಒಂದೇ ತರಹದ ಜೋಡಿಗಳು ಎರಡು ಗುಂಪಿಗೆ ಹಂಚಿಹೋಗುತ್ತವೆ.

ಫಿಟ್ ಸೊಗಸಾಗಿ ಬಂತು. ಸಿಲ್, ಅಂದರೆ ವ್ಯತ್ಯಾಸ ಏರಿ ನಿಲ್ಲುವ ಮಟ್ಟ, 0.21. ರೇಂಜ್, ಅಂದರೆ ಆ ಮಟ್ಟ ಮುಟ್ಟುವ ದೂರ, 410 ಮೀಟರ್. ಗೆರೆ ಚುಕ್ಕಿಗಳ ಮೇಲೇ ಹಾದುಹೋಗಿತ್ತು. ಪ್ರತಿ ಗುಂಪಿನಲ್ಲೂ 30ಕ್ಕಿಂತ ಜಾಸ್ತಿ ಜೋಡಿ ಇದ್ದವು. `krige.cv`ಯಲ್ಲಿ ಒಂದೊಂದೇ ಸ್ಯಾಂಪಲ್ ಬಿಟ್ಟು ಪರೀಕ್ಷಿಸಿದರೆ `zscore` ವರ್ಗದ ಸರಾಸರಿ 1ರ ಹತ್ತಿರವೇ ಬಂತು. ಮಾದರಿ ಹೇಳುವ ತಪ್ಪು, ನಿಜವಾಗಿ ಆಗುವ ತಪ್ಪು ಎರಡೂ ಒಂದೇ ಅಂತ ಅದರರ್ಥ. ನಕ್ಷೆಯೂ ಬಣ್ಣಬಣ್ಣವಾಗಿ ಬಂತು, ಪ್ರತಿ ಸ್ಯಾಂಪಲ್ಲಿನ ಸುತ್ತ ಕಣ್ಣಿನಂತೆ ಒಂದೊಂದು ಉಂಗುರ.

ಆ ಉಂಗುರಗಳೇ ಅನುಮಾನ ಹುಟ್ಟಿಸಿದ್ದು. ಸ್ಫೆರಿಕಲ್ ಮಾದರಿಯ ಸೂತ್ರಕ್ಕೆ 320 ಹಾಕಿ ನೋಡಿದೆ. 410ರ ರೇಂಜ್‌ಗೆ ಅಲ್ಲಿನ ಬೆಲೆ 0.196. ಅಂದರೆ ನನ್ನ ಮೊದಲ ಗುಂಪಿನಲ್ಲೇ ಗೆರೆ ಸಿಲ್‌ನ ಶೇಕಡ 93 ಭಾಗ ಏರಿಬಿಟ್ಟಿದೆ! ಸೊನ್ನೆಯಿಂದ 320ರವರೆಗಿನ ಏರಿಕೆಗೆ ನನ್ನ ಹತ್ತಿರ ಒಂದೇ ಒಂದು ಜೋಡಿ ಇಲ್ಲ. ನನ್ನ ಡೇಟಾ ತೋರಿಸುತ್ತಿದ್ದದ್ದು ಒಂದು ಅಡ್ಡಗೆರೆ, ಅಷ್ಟೇ. ಉಳಿದದ್ದೆಲ್ಲ ಮಾದರಿಯ ಕಲ್ಪನೆ.

ನಗೆಟ್ ಅಂದರೆ ದೂರ ಸೊನ್ನೆಗೆ ಇಳಿದರೂ ಉಳಿಯುವ ವ್ಯತ್ಯಾಸ. ಲ್ಯಾಬ್‌ನ ತಪ್ಪು, ಗ್ರಿಡ್‌ಗಿಂತ ಚಿಕ್ಕ ಜಾಗದ ಏರುಪೇರು ಎರಡೂ ಅದರಲ್ಲೇ ಸೇರುತ್ತವೆ. ಮೇಲಿನ ಕೋಡ್ ನೋಡಿ, `vgm`ಗೆ ನಾಲ್ಕನೇ ಸಂಖ್ಯೆಯನ್ನು ನಾನು ಕೊಟ್ಟೇ ಇಲ್ಲ. ಕೊಡದಿದ್ದರೆ gstat ನಗೆಟ್ ಹುಡುಕುವುದೇ ಇಲ್ಲ. ಕೊಟ್ಟು ಇನ್ನೊಮ್ಮೆ ಮಾಡಿದೆ:

```r
m2 <- fit.variogram(v, vgm(0.08, "Sph", 900, 0.13))
attr(m1, "SSErr"); attr(m2, "SSErr")
```

ಈ ಸಲ ನಗೆಟ್ 0.14, ರೇಂಜ್ 900 ಮೀಟರ್ ದಾಟಿತು. ಗೆರೆ ಚುಕ್ಕಿಗಳಿಂದ ಎಷ್ಟು ತಪ್ಪಿದೆ ಅಂತ ಹೇಳುವ `SSErr` ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಒಂದೇ ಡೇಟಾ, ಎರಡು ಬೇರೆ ಬೇರೆ ಕಥೆ, ಎರಡೂ ಪಾಸು. ಶುರುವಿನ ಊಹೆ ಬದಲಿಸಿದರೆ ಉತ್ತರವೂ ಬದಲಾಗುತ್ತಿದೆ ಅಂದರೆ, ಆ ಉತ್ತರ ಡೇಟಾದಿಂದ ಬಂದದ್ದಲ್ಲ ಅಲ್ವಾ?

ಹಾಗಾದರೆ ಕ್ರಾಸ್ ವ್ಯಾಲಿಡೇಷನ್ ಯಾಕೆ ಹಿಡಿಯಲಿಲ್ಲ? ನನಗೆ ಇದು ಹೊಳೆಯಲು ಎರಡು ದಿನ ಬೇಕಾಯಿತು. ಒಂದು ಸ್ಯಾಂಪಲ್ ಬಿಟ್ಟರೆ ಅದರ ಹತ್ತಿರದ ನೆರೆ ಇರುವುದೇ 320 ಮೀಟರ್ ಆಚೆ. ಪರೀಕ್ಷೆ ನಡೆಯುವುದೂ ಆ ದೂರದಲ್ಲೇ. ಅಲ್ಲಿ ಎರಡೂ ಮಾದರಿ ಒಂದೇ ಮಾತು ಹೇಳುತ್ತವೆ. ಆದರೆ ನಕ್ಷೆಯಲ್ಲಿ ನಾನು ಬಣ್ಣ ತುಂಬಿದ್ದು 20, 50, 100 ಮೀಟರ್ ದೂರದ ಜಾಗಗಳಿಗೆ. ಅಲ್ಲಿ ಕೇಳುವವರೇ ಇಲ್ಲ. ನಾನು ಗಮನಿಸದೇ ಬಿಟ್ಟಿದ್ದ ಇನ್ನೊಂದು ಸುಳಿವೂ ಅದರಲ್ಲೇ ಇತ್ತು: ಲಾಗ್ ಅಳತೆಯಲ್ಲಿ ಕ್ರಿಗಿಂಗ್‌ನ, ಅಂದರೆ ವೇರಿಯೋಗ್ರಾಂ ನೋಡಿ ಸುತ್ತಲಿನ ಸ್ಯಾಂಪಲ್‌ಗಳಿಗೆ ತೂಕ ಕೊಟ್ಟು ನಡುವಿನ ಬೆಲೆ ಊಹಿಸುವ ವಿಧಾನದ, ತಪ್ಪು 0.46, ಎಲ್ಲ ಕಡೆಗೂ ಸರಾಸರಿಯನ್ನೇ ಹೇಳಿದ್ದರೆ ಆಗುತ್ತಿದ್ದ ತಪ್ಪು 0.47. ಇಷ್ಟು ಸಣ್ಣ ಲಾಭಕ್ಕೆ ಅಷ್ಟೆಲ್ಲ ಬಣ್ಣ!

ಕೊನೆಗೆ ಮತ್ತೆ ಹೊಲಕ್ಕೆ ಹೋದೆ. ಗ್ರಿಡ್‌ನ 12 ಜಾಗ ಆರಿಸಿ, ಪ್ರತಿಯೊಂದರಿಂದ 30 ಮೀಟರ್‌ಗೆ ಒಂದು, ಬೇರೆ ದಿಕ್ಕಿನಲ್ಲಿ 100 ಮೀಟರ್‌ಗೆ ಒಂದು, ಒಟ್ಟು 24 ಸ್ಯಾಂಪಲ್ ತೆಗೆದೆವು. ಒಂದು ಜೋಡಿ ಚೆನ್ನಾಗಿ ನೆನಪಿದೆ. ಬದುವಿನ ಈಚೆ 19 ಕಿಲೋ, ಆಚೆ 41. ಈಚೆಯ ಹೊಲ ಎರಡು ವರ್ಷ ಬೀಳು ಬಿದ್ದಿತ್ತು. ಆಚೆ ಈರುಳ್ಳಿ. “ಈರುಳ್ಳಿಗೆ ಡಿಎಪಿ ಹಾಕದೆ ಆಗುತ್ತಾ ಸಾರ್” ಅಂದರು ಅಲ್ಲಿದ್ದ ರೈತರು. ಇಲ್ಲಿ ರಂಜಕ ಬದಲಾಗುವುದು ಹೊಲದಿಂದ ಹೊಲಕ್ಕೆ. ಹೊಲದ ಅಗಲವೇ 320 ಮೀಟರ್ ಇಲ್ಲ.

ಹೊಸ ಸ್ಯಾಂಪಲ್‌ಗಳಲ್ಲಿ 30 ಮೀಟರ್‌ನ ಸೆಮಿವೇರಿಯನ್ಸ್, ಅಂದರೆ ವ್ಯತ್ಯಾಸದ ವರ್ಗದ ಅರ್ಧದ ಸರಾಸರಿ, 0.09 ಬಂತು. ಹಳೆಯ ಮಾದರಿ ಅಲ್ಲಿ ಹೇಳಿದ್ದು 0.023. ಈ ಸ್ಯಾಂಪಲ್‌ಗಳನ್ನು ಹಳೆಯ ಮಾದರಿಯಿಂದಲೇ ಊಹಿಸಿ ನೋಡಿದರೆ, 30 ಮೀಟರ್‌ನವುಗಳಲ್ಲಿ `zscore` ವರ್ಗದ ಸರಾಸರಿ 4ರ ಹತ್ತಿರ. ಗ್ರಿಡ್‌ನಲ್ಲಿ 1 ಕೊಟ್ಟು ಪಾಸಾಗಿದ್ದ ಅದೇ ಮಾದರಿ ಇದು.

ಇಷ್ಟಾದರೂ ಹೊಸ ನಗೆಟ್ ಪಕ್ಕಾ ಅಂತ ಹೇಳಲಾರೆ. 12 ಜೋಡಿ ಬಹಳ ಕಡಿಮೆ. ಅಷ್ಟು ಜೋಡಿಯಿಂದ ಬಂದ 0.09ರ ನಿಜ ಬೆಲೆ 0.05ರಿಂದ 0.25ರವರೆಗೆ ಎಲ್ಲಿ ಬೇಕಾದರೂ ಇರಬಹುದು. ವೇರಿಯೋಗ್ರಾಂ ನೆಟ್ಟಗೆ ಸಿಗಬೇಕೆಂದರೆ ಕನಿಷ್ಠ 100 ಸ್ಯಾಂಪಲ್ ಬೇಕು ಅಂತ ಮಣ್ಣು ವಿಜ್ಞಾನಿಗಳಾದ ವೆಬ್‌ಸ್ಟರ್ ಮತ್ತು ಆಲಿವರ್ 1992ರಲ್ಲೇ ಹೇಳಿದ್ದಾರೆ. ನನ್ನ ಹತ್ತಿರ ಈಗಲೂ 75. ಧೈರ್ಯವಾಗಿ ಹೇಳಬಲ್ಲದ್ದು ಇಷ್ಟೇ: ಇಲ್ಲಿ ನಗೆಟ್ ಸೊನ್ನೆ ಅಲ್ಲ.

ಅದೇ ಸ್ಯಾಂಪಲ್‌ಗಳ ಸಾವಯವ ಇಂಗಾಲ ಹೀಗೆ ಕಾಡಲಿಲ್ಲ. ಕೆಂಪಿನಿಂದ ಎರೆಗೆ ಇಳಿದಂತೆ ಅದು ನಿಧಾನವಾಗಿ ಏರುತ್ತದೆ. ವೇರಿಯೋಗ್ರಾಂ ಕೂಡ 320ರಿಂದ ಒಂದು ಕಿಲೋಮೀಟರ್‌ವರೆಗೆ ಮೆಟ್ಟಿಲು ಹತ್ತಿದಂತೆ ಹತ್ತಿತು. ಯಾವ ಊಹೆಯಿಂದ ಶುರು ಮಾಡಿದರೂ ಉತ್ತರ ಅಲ್ಲಿಗೇ ಬಂದು ನಿಂತಿತು. ಅದರ ನಕ್ಷೆಯನ್ನು ಕ್ರಿಗಿಂಗ್ ಮಾಡಿಯೇ ಕೊಟ್ಟೆ.

ರಂಜಕಕ್ಕೆ ಬರೀ ಚುಕ್ಕಿಗಳ ಹಾಳೆ ಕೊಟ್ಟೆ: 23 ಕಿಲೋಗಿಂತ ಕಡಿಮೆ ಇದ್ದರೆ ಕೆಂಪು, 57ರವರೆಗೆ ಹಳದಿ, ಮೇಲೆ ಹಸಿರು. ನಕ್ಷೆ ಕೇಳಿದ್ದ ಅಧಿಕಾರಿ ಹಾಳೆ ತಿರುಗಿಸಿ ನೋಡಿ, “ಮಧ್ಯದ್ದೆಲ್ಲ ಖಾಲಿ ಇದೆಯಲ್ರೀ?” ಅಂದರು. ಹೌದು ಸಾರ್, ಅಲ್ಲಿ ನಾವು ಮಣ್ಣು ತೆಗೆದಿಲ್ಲ ಅಂದೆ.